ಕಿವಿ ಮಷಿನ್ ಕೊಡಿಸಲು ಹೊರಟ ಮಕ್ಕಳು, ಮೊಮ್ಮಕ್ಕಳಿಗೆ



ನಾನು ಶಿವಮೊಗ್ಗದಲ್ಲಿ ಶ್ರವಣತಜ್ಞೆ. ಕಿವಿ ಪರೀಕ್ಷೆ ಮಾಡುವುದು, ಮಷಿನ್ ಹೊಂದಿಸಿ ಕೊಡುವುದು, ಆಮೇಲೆ ಅದು ಕೂಗಿದರೆ, ನಿಂತರೆ, ನೆನೆದರೆ ನೋಡುವುದು ನನ್ನ ಕೆಲಸ. ದಸರೆ, ದೀಪಾವಳಿ ರಜೆ ಬಂತೆಂದರೆ ನಿಮ್ಮಲ್ಲಿ ಹಲವರು ಹಿರಿಯರನ್ನು ಕರೆದುಕೊಂಡು ನಮ್ಮಂಥವರ ಬಳಿ ಬರುತ್ತೀರಿ. ಕೈಯಲ್ಲಿ ಎರಡು ದಿನದ ರಜೆ, ಮೊಬೈಲಿನಲ್ಲಿ ನಾಲ್ಕು ಮಾಡೆಲ್‌ಗಳ ಫೋಟೊ. ‘ಮೇಡಂ, ದುಡ್ಡಿನ ವಿಚಾರ ಬಿಡಿ, ಕಣ್ಣಿಗೆ ಕಾಣದಷ್ಟು ಸಣ್ಣದು ಕೊಡಿ’ ಎನ್ನುತ್ತೀರಿ. ಆಗ ನಾನು ಕೇಳುವ ಪ್ರಶ್ನೆಗಳು ನಿಮಗೆ ಸಂಬಂಧವಿಲ್ಲದವು ಅನ್ನಿಸುತ್ತವೆ. ಮಾತ್ರೆಯ ಪಟ್ಟಿಯಿಂದ ಅಮ್ಮ ತಾವೇ ಮಾತ್ರೆ ಬಿಡಿಸಿಕೊಳ್ಳುತ್ತಾರಾ? ಸೀರೆಗೆ ಪಿನ್ ಹಾಕಿಕೊಳ್ಳುತ್ತಾರಾ? ಹಗಲು ಮನೆಯಲ್ಲಿ ಜೊತೆಗೆ ಯಾರಿರುತ್ತಾರೆ? ಮಳೆಗಾಲದಲ್ಲಿ ಕರೆಂಟು ಎಷ್ಟು ಹೊತ್ತು ಹೋಗುತ್ತದೆ? ಯಾವ ಮಷಿನ್ ಎಂಬುದಕ್ಕೆ ಅರ್ಧ ಉತ್ತರ ಈ ಪ್ರಶ್ನೆಗಳಲ್ಲೇ ಇದೆ. ಉಳಿದರ್ಧ ಪರೀಕ್ಷೆಯ ಕಾಗದದಲ್ಲಿದೆ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಇರುವುದು ಬಹಳ ಕಡಿಮೆ.

ಒಬ್ಬ ಅಜ್ಜಿಯ ಉದಾಹರಣೆ ಇಟ್ಟುಕೊಂಡೇ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಕೊಂಚ ಬದಲಿಸಿದ್ದೇನೆ. ಕೊಪ್ಪದ ಕಡೆಯವರು, ವಯಸ್ಸು 78. ಸಕ್ಕರೆ ಕಾಯಿಲೆಯಿಂದ ಬೆರಳ ತುದಿ ಮರಗಟ್ಟಿದೆ. ಒಬ್ಬ ಮಗ ಬೆಂಗಳೂರಿನಲ್ಲಿ, ಮಗಳು ಹೊರದೇಶದಲ್ಲಿ. ಮನೆಯಲ್ಲಿ ಹಿರಿಯ ಮಗ, ಸೊಸೆ. ಕಿವಿಯ ಒಳಗೆ ಪೂರ್ತಿ ಇಳಿಯುವ ಪುಟ್ಟ ಮಷಿನನ್ನು ಮಕ್ಕಳು ಪ್ರೀತಿಯಿಂದ ತಂದುಕೊಟ್ಟಿದ್ದರು. ಅದು ಪೆಟ್ಟಿಗೆಯಲ್ಲೇ ಉಳಿದಿತ್ತು. ‘ಅಜ್ಜಿಗೆ ಹಟ, ಹಾಕಿಕೊಳ್ಳುವುದೇ ಇಲ್ಲ’ ಎಂಬುದು ಮನೆಯವರ ದೂರು.

ಮೊದಲು ಕಿವಿಯೊಳಗೆ ದೀಪ ಹಾಕಿ ನೋಡಬೇಕು. ಈ ಅಜ್ಜಿಯ ಬಲಗಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ಗುಗ್ಗೆ ತುಂಬಿದ ಕಿವಿಯನ್ನು ಪರೀಕ್ಷಿಸಿದರೆ ಕಿವುಡು ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಆ ಲೆಕ್ಕಕ್ಕೆ ಹೊಂದಿಸಿದ ಮಷಿನ್ ಗುಗ್ಗೆ ತೆಗೆದ ದಿನ ಕಿರುಚತೊಡಗುತ್ತದೆ. ಕಿವಿ ಸೋರುತ್ತಿದ್ದರೆ, ತಲೆ ಸುತ್ತುತ್ತಿದ್ದರೆ, ಒಂದೇ ಕಿವಿ ಮಂದವಾಗಿದ್ದರೆ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಮೊದಲು ಹೋಗಿ, ಮಷಿನ್ ಮಾತು ಆಮೇಲೆ. ಎರಡು ಮೂರು ದಿನದೊಳಗೆ ಕಿವಿ ಏಕಾಏಕಿ ಮುಚ್ಚಿದಂತಾದರೆ ಅದು ತುರ್ತು ಚಿಕಿತ್ಸೆಯ ವಿಚಾರ, ವಾರಗಟ್ಟಲೆ ಕಾಯುವ ಹಾಗಿಲ್ಲ.

ಗುಗ್ಗೆ ತೆಗೆಸಿದ ಮೇಲೆ ಸದ್ದಿಲ್ಲದ ಕೋಣೆಯಲ್ಲಿ ಶ್ರವಣ ಪರೀಕ್ಷೆ. ಕೈಗೆ ಕೊಡುವ ನಕ್ಷೆಗೆ ಆಡಿಯೊಗ್ರಾಂ ಎನ್ನುತ್ತಾರೆ. ಅದರಲ್ಲಿ ಕೆಂಪು ಸೊನ್ನೆಗಳು ಬಲಗಿವಿ, ನೀಲಿ ಗುಣಾಕಾರ ಚಿಹ್ನೆಗಳು ಎಡಗಿವಿ. ಗೆರೆ ಕೆಳಗಿಳಿದಷ್ಟೂ ಕೇಳಿಸಲು ಹೆಚ್ಚು ಜೋರು ಬೇಕೆಂದು ಅರ್ಥ. ಅಜ್ಜಿಯ ಬಲಗಿವಿಯಲ್ಲಿ 500 ಹರ್ಟ್ಸ್‌ನಲ್ಲಿ 40 ಡೆಸಿಬಲ್, 1000ದಲ್ಲಿ 50, 2000ದಲ್ಲಿ 60, 4000ದಲ್ಲಿ 75. ಸರಾಸರಿ ಸುಮಾರು 56. ಎಡಗಿವಿ ಇದಕ್ಕಿಂತ ಸ್ವಲ್ಪ ಮಂದ, ಸರಾಸರಿ 60. ಆದರೆ ಸರಾಸರಿಗಿಂತ ಗೆರೆಯ ಇಳಿಜಾರು ನೋಡಿ. ದಪ್ಪ ದನಿಯ ಕಡೆ ಕಿವಿ ಪರವಾಗಿಲ್ಲ, ತೀಕ್ಷ್ಣ ದನಿಯ ಕಡೆ ಕುಸಿದಿದೆ. ವಯಸ್ಸಿನಿಂದ ಬರುವ ಕಿವುಡು ಸಾಮಾನ್ಯವಾಗಿ ಹೀಗೇ ಇರುತ್ತದೆ.

ಅ, ಆ, ಒ ಮುಂತಾದ ಸ್ವರಗಳ ಬಲವೆಲ್ಲ ದಪ್ಪ ದನಿಯ ಕಡೆ ಇದೆ. ಸ, ಶ, ತ, ಕ ಇವುಗಳ ಗುರುತು ತೀಕ್ಷ್ಣ ದನಿಯ ಕಡೆ ಇದೆ, ಅವು ಹುಟ್ಟಾ ಕ್ಷೀಣ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆಂದು ಅಜ್ಜಿಗೆ ತಿಳಿಯುತ್ತದೆ. ಆದರೆ ‘ಸಾರು ಬೇಕಾ’ ಎಂದದ್ದು ‘ಕಾರು ಬೇಕಾ’ ಎಂದು ಕೇಳುತ್ತದೆ. ಜೋರಾಗಿ ಹೇಳಿದರೆ ‘ಯಾಕೆ ಕಿರುಚ್ತೀಯ’ ಎಂದು ಬೈಯುತ್ತಾರೆ. ಅದೂ ನಾಟಕವಲ್ಲ. ಈ ಬಗೆಯ ಕಿವಿಗೆ ಸಣ್ಣ ಸದ್ದು ಕೇಳುವುದಿಲ್ಲ, ದೊಡ್ಡ ಸದ್ದು ಮಾತ್ರ ನಮಗೆ ಕೇಳುವಷ್ಟೇ ಜೋರಾಗಿ ಕೇಳಿ ಚುಚ್ಚುತ್ತದೆ. ನಡುವಿನ ಜಾಗ ಕಿರಿದಾಗಿದೆ.

ಆನ್‌ಲೈನಿನಲ್ಲಿ ಸಾವಿರ, ಎರಡು ಸಾವಿರಕ್ಕೆ ಸಿಗುವ ಸದ್ದು ಹೆಚ್ಚಿಸುವ ಯಂತ್ರಗಳು ಸೋಲುವುದು ಇಲ್ಲೇ. ಅವು ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಸಮ ಏರಿಸುತ್ತವೆ. ಪಾತ್ರೆ, ಫ್ಯಾನು, ಬಸ್ಸಿನ ಹಾರ್ನು ಕಿವಿಗೆ ಅಪ್ಪಳಿಸುತ್ತವೆ, ‘ಸ’ ಮಾತ್ರ ಇನ್ನೂ ಬರುವುದಿಲ್ಲ. ನಿಜವಾದ ಶ್ರವಣ ಸಾಧನದಲ್ಲಿ ಕಂಪ್ಯೂಟರಿಗೆ ಜೋಡಿಸಿ ಒಂದೊಂದು ದನಿಮಟ್ಟಕ್ಕೂ ಬೇರೆ ಬೇರೆ ಏರಿಕೆ ಕೊಡಬಹುದು. ಸಣ್ಣ ಸದ್ದಿಗೆ ಹೆಚ್ಚು, ದೊಡ್ಡದಕ್ಕೆ ಕಡಿಮೆ, ಇದಕ್ಕಿಂತ ಮೇಲೆ ಹೋಗಬಾರದು ಎಂಬ ಮಿತಿಯನ್ನೂ ಹಾಕಬಹುದು.

ಇನ್ನೊಂದು ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಕನ್ನಡದ ಪದಗಳ ಪಟ್ಟಿಯನ್ನು ಆರಾಮಾಗಿ ಕೇಳುವ ಮಟ್ಟದಲ್ಲಿ ಕೇಳಿಸಿ, ಎಷ್ಟನ್ನು ಸರಿಯಾಗಿ ಮರುನುಡಿಯುತ್ತಾರೆ ಎಂದು ಎಣಿಸುವುದು. ಅಜ್ಜಿ ಬಲಗಿವಿಯಲ್ಲಿ 25ರಲ್ಲಿ 21 ಪದ ಸರಿ ಹೇಳಿದರು, ಎಡಗಿವಿಯಲ್ಲಿ 19. ಅಂದರೆ ಸದ್ದು ತಕ್ಕಷ್ಟು ಸಿಕ್ಕರೆ ಮಾತು ಅರ್ಥವಾಗುವ ಕಿವಿ ಅದು. ಈ ಅಂಕ ತೀರ ಕಡಿಮೆ ಬಂದಿದ್ದರೆ ಎಷ್ಟು ದುಬಾರಿ ಮಷಿನ್ ಹಾಕಿದರೂ ಲಾಭಕ್ಕೆ ಮಿತಿ ಇದೆ. ಅದನ್ನು ದುಡ್ಡು ಕೊಡುವ ಮುಂಚೆಯೇ ತಿಳಿಯುವುದು ಒಳ್ಳೆಯದು.

ಇನ್ನು ಮಾದರಿ. ಮಕ್ಕಳು ತಂದಿದ್ದ ಪುಟ್ಟ ಮಷಿನ್ ಕಿವಿಯ ನಾಳದೊಳಗೆ ಕೂರುತ್ತದೆ. ಅಂಥವುಗಳಲ್ಲಿ ಹೆಚ್ಚಿನವಕ್ಕೆ 10ನೇ ನಂಬರಿನ ಬ್ಯಾಟರಿ, ಹಳದಿ ಗುರುತಿನದು, ಕಡಲೆಬೇಳೆಗಿಂತ ಕೊಂಚ ದೊಡ್ಡದು. ಮರಗಟ್ಟಿದ ಬೆರಳಿಗೆ ಅದು ಸಿಕ್ಕಿದೆಯೋ ಬಿದ್ದಿದೆಯೋ ಗೊತ್ತಾಗುವುದಿಲ್ಲ. ಸಾಲದ್ದಕ್ಕೆ ಅಜ್ಜಿಗೆ ಗುಗ್ಗೆ ಹೆಚ್ಚು. ಮಷಿನಿನ ಬಾಯಿ ಗುಗ್ಗೆಯ ಮಧ್ಯೆಯೇ ಕೂತರೆ ಬೇಗ ಮುಚ್ಚಿಹೋಗುತ್ತದೆ. 4000 ಹರ್ಟ್ಸ್‌ನಲ್ಲಿ 75 ಡೆಸಿಬಲ್ ಇಳಿದ ಕಿವಿಗೆ ಅಷ್ಟು ಸಣ್ಣ ಮಷಿನ್ ತನ್ನ ಶಕ್ತಿಯ ಅಂಚಿನಲ್ಲಿ ದುಡಿಯಬೇಕಾಗುತ್ತದೆ. ಅಜ್ಜಿಯದು ಹಟವಲ್ಲ, ಆ ಮಷಿನ್ ಅವರ ಕೈಗೂ ಕಿವಿಗೂ ಹೊಂದುವುದಾಗಿರಲಿಲ್ಲ.

ಎರಡನೆಯ ಮಾದರಿ ಈಗ ಎಲ್ಲೆಡೆ ಹೆಚ್ಚು ಮಾರುವುದು. ಮಷಿನ್ ಕಿವಿಯ ಹಿಂದೆ, ಸ್ಪೀಕರ್ ಮಾತ್ರ ತೆಳು ತಂತಿಯ ತುದಿಯಲ್ಲಿ ಕಿವಿಯೊಳಗೆ. ಅಂಗಡಿಯಲ್ಲಿ ಇದನ್ನು ಆರ್‌ಐಸಿ ಎನ್ನುತ್ತಾರೆ. ನೋಡಲು ಚಂದ, ದನಿ ಸಹಜ, ಇಂಥ ಇಳಿಜಾರು ಕಿವಿಗೆ ತಕ್ಕದ್ದೂ ಹೌದು. ಬೆರಳು, ಕಣ್ಣು ಚುರುಕಾಗಿರುವ ಹಿರಿಯರಿಗೆ ನಾನೂ ಇದನ್ನೇ ಹೇಳುತ್ತೇನೆ. ಆದರೆ ಆ ಸ್ಪೀಕರಿನ ಬಾಯಿಗೆ ಸಾಸಿವೆಯಷ್ಟು ಸಣ್ಣ ಗುಗ್ಗೆ ತಡೆಯುವ ಜಾಲರಿ ಇರುತ್ತದೆ. ಅದನ್ನು ಆಗಾಗ ಬದಲಿಸಬೇಕು. ಬದಲಿಸದಿದ್ದರೆ ಮಷಿನ್ ಸತ್ತಂತೆ ಸುಮ್ಮನಾಗುತ್ತದೆ. ಬೆವರು, ಗುಗ್ಗೆ ಒಳಗೆ ಹೋದರೆ ಸ್ಪೀಕರನ್ನೇ ಬದಲಿಸಬೇಕಾಗುತ್ತದೆ.

ಮೂರನೆಯದು ಕಿವಿಯ ಹಿಂದೆ ಕೂರುವ ಹಳೆಯ ಮಾದರಿ, ಬಿಟಿಇ. ಸ್ಪೀಕರೂ ಹಿಂದೆಯೇ ಇರುತ್ತದೆ. ಸದ್ದು ಕೊಳವೆಯ ಮೂಲಕ ಕಿವಿಯ ಅಚ್ಚಿಗೆ ಬರುತ್ತದೆ. ದೊಡ್ಡದು, ಕಾಣುತ್ತದೆ. ಆದರೆ ಗುಗ್ಗೆ ತಾಗುವುದು ಅಚ್ಚಿಗೆ ಮಾತ್ರ. ಅಚ್ಚನ್ನು ಮಷಿನಿನಿಂದ ಬಿಡಿಸಿ ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು, ಕೊಳವೆಯ ನೀರು ಊದಿ ಒಣಗಿಸಿ ಮತ್ತೆ ಸಿಕ್ಕಿಸಬಹುದು. ಕೈಗೆ ಹಿಡಿಯಲು ಸಿಗುತ್ತದೆ. ಈ ಅಜ್ಜಿಗೆ ನಾವು ಆರಿಸಿದ್ದು ಇದನ್ನೇ, ಎರಡೂ ಕಿವಿಗೆ. ಇರುವ ದುಡ್ಡಿನಲ್ಲಿ ಒಂದು ಕಿವಿಗೆ ಅತಿ ದುಬಾರಿಯದೋ ಎರಡೂ ಕಿವಿಗೆ ಸಾಧಾರಣದ್ದೋ ಎಂಬ ಪ್ರಶ್ನೆ ಬಂದರೆ, ಎರಡೂ ಕಿವಿಯಲ್ಲಿ ಮಾತು ಅರ್ಥವಾಗುವವರಿಗೆ ಎರಡು ಸಾಧಾರಣದವೇ ವಾಸಿ ಎನ್ನುವುದು ನನ್ನ ಅಭಿಪ್ರಾಯ. ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯಲು, ಗದ್ದಲದಲ್ಲಿ ಮಾತು ಹಿಡಿಯಲು ಎರಡು ಕಿವಿ ಬೇಕು.

ಬ್ಯಾಟರಿಯ ವಿಚಾರ ನೀವು ಕೊನೆಗೆ ಕೇಳುತ್ತೀರಿ, ಹಿರಿಯರಿಗೆ ಅದೇ ದಿನನಿತ್ಯದ ಪಾಡು. ರಾತ್ರಿ ಪೆಟ್ಟಿಗೆಯಲ್ಲಿಟ್ಟರೆ ಮೂರು ನಾಲ್ಕು ಗಂಟೆಯಲ್ಲಿ ಚಾರ್ಜ್ ಆಗಿ ಇಡೀ ದಿನ ಬರುವ ಮಷಿನ್‌ಗಳಿವೆ. ಬೆರಳು ಕೆಲಸ ಮಾಡದವರಿಗೆ ಅದು ದೊಡ್ಡ ಅನುಕೂಲ. ಅದರ ತೊಂದರೆ ಎರಡು. ಚಾರ್ಜ್ ಇಲ್ಲದ ದಿನ ಬದಲಿ ಹಾಕಿಕೊಳ್ಳುವ ಬ್ಯಾಟರಿ ಇಲ್ಲ. ನಾಲ್ಕೈದು ವರ್ಷದಲ್ಲಿ ಒಳಗಿನ ಬ್ಯಾಟರಿ ಸೋತರೆ ಹೆಚ್ಚಿನ ಮಾದರಿಗಳನ್ನು ಕಂಪನಿಗೇ ಕಳಿಸಬೇಕು. ಮನೆಯಲ್ಲಿ ಯುಪಿಎಸ್ ಇದ್ದರೆ, ಅಥವಾ ಪವರ್ ಬ್ಯಾಂಕಿನಿಂದ ಚಾರ್ಜ್ ಆಗುವ ಪೆಟ್ಟಿಗೆಯಿದ್ದರೆ ಮೊದಲ ತೊಂದರೆ ನೀಗುತ್ತದೆ. ಅಜ್ಜಿಯ ಮನೆಯಲ್ಲಿ ಅದಿರಲಿಲ್ಲ. ಆಷಾಢದ ಗಾಳಿಮಳೆಗೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟು ಇರದ ಊರು. ಆದರೆ ಸೊಸೆ ಮನೆಯಲ್ಲೇ ಇರುತ್ತಾರೆ. ಆದ್ದರಿಂದ 13ನೇ ನಂಬರಿನ ಬ್ಯಾಟರಿಯ ಮಷಿನ್ ತೆಗೆದುಕೊಂಡೆವು. ಅದರ ಗುರುತು ಕಿತ್ತಳೆ ಬಣ್ಣ. (312ಕ್ಕೆ ಕಂದು, ಅತಿ ಶಕ್ತಿಯ ಮಷಿನ್‌ಗಳ 675ಕ್ಕೆ ನೀಲಿ.) ಅಜ್ಜಿ ಬಳಸುವ ಹೊತ್ತಿಗೆ ಒಂದು ಬ್ಯಾಟರಿ ಸುಮಾರು ಹತ್ತು ದಿನ ಬರುತ್ತದೆ. ಮಧ್ಯದಲ್ಲಿ ಕೈಕೊಡಬಾರದೆಂದು ಪ್ರತಿ ಭಾನುವಾರ ಸೊಸೆಯೇ ಎರಡನ್ನೂ ಬದಲಿಸುವುದೆಂದು ಮಾಡಿಕೊಂಡರು. ವರ್ಷಕ್ಕೆ 104 ಬ್ಯಾಟರಿ, ಆರರ ಕಾರ್ಡು ಲೆಕ್ಕದಲ್ಲಿ 18 ಕಾರ್ಡು. ಮಷಿನಿನ ಬೆಲೆ ಕೇಳುವಾಗಲೇ ಈ ಲೆಕ್ಕವನ್ನೂ ಹಾಕಿ.

ಇವು ಗಾಳಿ ತಾಗಿದರೆ ಕೆಲಸ ಶುರುಮಾಡುವ ಬ್ಯಾಟರಿಗಳು. ಬೆನ್ನಿಗಿರುವ ಸ್ಟಿಕ್ಕರ್ ಕಿತ್ತ ಮೇಲೆ ಕೆಲವು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಬೇಕು. ಒಮ್ಮೆ ಕಿತ್ತ ಮೇಲೆ ಸ್ಟಿಕ್ಕರನ್ನು ಮತ್ತೆ ಅಂಟಿಸಿದರೂ ಅದು ನಿಲ್ಲುವುದಿಲ್ಲ. ಫ್ರಿಜ್ಜಿನಲ್ಲಿಡಬೇಡಿ, ತೇವ ಹಿಡಿಯುತ್ತದೆ. ಐದು ವರ್ಷಕ್ಕಾಗುವಷ್ಟು ಒಟ್ಟಿಗೆ ತಂದುಕೊಡಬೇಡಿ, ಕಾರ್ಡಿನ ಮೇಲೆ ಅವಧಿ ಬರೆದಿರುತ್ತದೆ. ಹಳೆಯ ಬ್ಯಾಟರಿಯನ್ನು ಅಜ್ಜಿಯ ಮಾತ್ರೆ ಡಬ್ಬಿಯ ಹತ್ತಿರವಾಗಲೀ ಮಗುವಿನ ಕೈಗೆ ಸಿಗುವಲ್ಲಾಗಲೀ ಇಡಲೇಬೇಡಿ. ನುಂಗಿದರೆ ಪ್ರಾಣಕ್ಕೇ ಅಪಾಯ, ನೇರ ಆಸ್ಪತ್ರೆಗೆ ಓಡಬೇಕು.

ಮಷಿನ್ ಕೊಂಡ ದಿನ ನಿಮ್ಮ ಕೆಲಸ ಅರ್ಧ ಮಾತ್ರ ಮುಗಿದಿರುತ್ತದೆ. ಹೊಂದಿಸುವುದು ಕಿವಿಯ ಅಚ್ಚಿನಿಂದ ಶುರು. ಮೊದಲು ದಾರ ಕಟ್ಟಿದ ಹತ್ತಿಯನ್ನೋ ಸ್ಪಂಜನ್ನೋ ಕಿವಿಯೊಳಗೆ ತಡೆಯಾಗಿ ಇಟ್ಟು, ಆಮೇಲೆ ಮೆತ್ತನೆಯ ಪದಾರ್ಥ ತುಂಬಿ, ಗಟ್ಟಿಯಾದ ಮೇಲೆ ತೆಗೆಯುತ್ತಾರೆ. ತಡೆ ಇಡದೆ ತುಂಬಲು ಹೊರಟರೆ ಅಲ್ಲೇ ನಿಲ್ಲಿಸಿ. ಹಲ್ಲು ಸೆಟ್ಟು ಹಾಕುವವರು ಅದನ್ನು ಹಾಕಿಕೊಂಡೇ ಅಳತೆ ಕೊಡಬೇಕು, ದವಡೆ ಕೂರುವ ರೀತಿಗೆ ನಾಳದ ಆಕಾರ ಬದಲಾಗುತ್ತದೆ. ಅಚ್ಚಿನಲ್ಲಿ ಸಣ್ಣ ಗಾಳಿರಂಧ್ರ ಬೇಕು. ಇಲ್ಲದಿದ್ದರೆ ‘ನನ್ನ ದನಿ ನನಗೇ ಬಾವಿಯೊಳಗಿಂದ ಬಂದ ಹಾಗಿದೆ’ ಎಂದು ತೆಗೆದಿಡುತ್ತಾರೆ. ರಂಧ್ರ ದೊಡ್ಡದಾದರೆ ಸದ್ದು ಹೊರಗೆ ಸೋರಿ ಮಷಿನ್ ಕುಂಯ್ ಎನ್ನುತ್ತದೆ. ಎಷ್ಟು ಬೇಕೆಂಬುದನ್ನು ಆಡಿಯೊಗ್ರಾಂ ನೋಡಿ ಹೇಳುತ್ತೇವೆ.

ಆಮೇಲೆ ಕಂಪ್ಯೂಟರಿನಲ್ಲಿ ಹೊಂದಿಸುವುದು. ‘ಕೇಳ್ತಾ ಇದೆಯಾ ಅಜ್ಜಿ?’ ‘ಹ್ಞೂಂ, ಕೇಳ್ತಿದೆ’ ಎಂಬಲ್ಲಿಗೆ ಮುಗಿಸುವವರು ಬಹಳ. ತೆಳುವಾದ ಕೊಳವೆಯೊಂದನ್ನು ಮಷಿನಿನ ಜೊತೆ ಕಿವಿಯೊಳಗಿಟ್ಟು, ಕರ್ಣಪಟಲದ ಹತ್ತಿರ ನಿಜವಾಗಿ ಎಷ್ಟು ಸದ್ದು ತಲುಪುತ್ತಿದೆ ಎಂದು ಅಳೆಯುವ ವಿಧಾನವಿದೆ. ‘ರಿಯಲ್ ಇಯರ್ ಅಳತೆ ಮಾಡುತ್ತೀರಾ?’ ಎಂದು ಕೇಳಿ. ಆ ಉಪಕರಣ ಇಲ್ಲದ ಕಡೆ ಮಷಿನ್ ಹಾಕಿ ಮತ್ತೊಮ್ಮೆ ಪರೀಕ್ಷೆಯನ್ನಾದರೂ, ಪದಗಳ ಪಟ್ಟಿಯನ್ನಾದರೂ ಮಾಡಿಸಿ. ಹಾಕದಾಗ ಎಷ್ಟು, ಹಾಕಿದಾಗ ಎಷ್ಟು ಎಂಬ ಎರಡು ಸಂಖ್ಯೆ ಕಾಗದದಲ್ಲಿರಲಿ.

ಮನೆಯಲ್ಲೂ ಒಂದು ಸುಲಭ ಪರೀಕ್ಷೆ ಇದೆ. ಒಂದು ಮಷಿನನ್ನು ಮಾತ್ರ ಹಾಕಿಸಿ, ಒಂದೆರಡು ಮೀಟರು ಹಿಂದೆ ನಿಂತು, ಸಾಧಾರಣ ದನಿಯಲ್ಲಿ ಆ, ಊ, ಈ, ಮ್, ಶ್, ಸ್ ಎಂಬ ಆರು ಸದ್ದುಗಳನ್ನು ಕ್ರಮ ತಪ್ಪಿಸಿ ಹೇಳಿ. ಹಿರಿಯರು ಮರುನುಡಿಯಲಿ. ಆಮೇಲೆ ಇನ್ನೊಂದು ಕಿವಿ. ಮಾತಿನ ದಪ್ಪ, ಮಧ್ಯಮ, ತೀಕ್ಷ್ಣ ದನಿಗಳೆಲ್ಲ ಈ ಆರರಲ್ಲಿ ಬಂದುಹೋಗುತ್ತವೆ. ಶ್, ಸ್ ಮಾತ್ರ ತಪ್ಪುತ್ತಿದ್ದರೆ ಹೊಂದಿಸುವಿಕೆ ಸಾಲದು ಎಂದು ಅರ್ಥ. ನಿನ್ನೆ ಆರೂ ಕೇಳಿ ಇವತ್ತು ಕೇಳದಿದ್ದರೆ ಕ್ರಮವಾಗಿ ಬ್ಯಾಟರಿ, ಅಚ್ಚಿನ ಬಾಯಿಯ ಗುಗ್ಗೆ, ಕೊಳವೆಯೊಳಗಿನ ನೀರಹನಿ ನೋಡಿ. ‘ಮಷಿನ್ ಕೆಟ್ಟಿದೆ’ ಎಂದು ತರುವವುಗಳಲ್ಲಿ ಎಷ್ಟೋ ಇಷ್ಟರಲ್ಲೇ ಸರಿಹೋಗುತ್ತವೆ.

ಮೊದಲ ದಿನವೇ ಪೂರ್ತಿ ಸದ್ದು ಕೊಟ್ಟರೆ ಅಜ್ಜಿ ಮಷಿನ್ ಕಿತ್ತೆಸೆಯುತ್ತಾರೆ. ವರ್ಷಗಟ್ಟಲೆ ಕೇಳದ ಚಪ್ಪಲಿ ಸದ್ದು, ನಲ್ಲಿ ಸದ್ದು ಒಮ್ಮೆಲೇ ನುಗ್ಗುತ್ತವೆ. ಅಗತ್ಯಕ್ಕಿಂತ ಸ್ವಲ್ಪ ಕಡಿಮೆಯಲ್ಲಿ ಶುರುಮಾಡಿ, ಮೊದಲ ವಾರ ಮನೆಯೊಳಗೆ ಒಬ್ಬರ ಜೊತೆ ಮಾತಾಡುವಾಗ ಮಾತ್ರ ಹಾಕಿಸಿ, ಮೆಲ್ಲಗೆ ಹೊತ್ತನ್ನು ಹೆಚ್ಚಿಸುತ್ತಾ ಹೋದೆವು. ಎರಡು ವಾರಕ್ಕೊಮ್ಮೆ ಬಂದು ಏರಿಸಿಕೊಂಡು, ಒಂದೂವರೆ ತಿಂಗಳಲ್ಲಿ ಬೇಕಾದ ಮಟ್ಟಕ್ಕೆ ತಂದೆವು. ಎರಡು ದಿನದ ರಜೆಯಲ್ಲಿ ಇದನ್ನು ಮುಗಿಸಲು ಆಗದು. ನೀವು ಹೊರಟುಹೋದ ಮೇಲೆ ಕರೆದುಕೊಂಡು ಬರುವವರು ಯಾರು ಎಂಬುದನ್ನು ಮಾದರಿ ಆರಿಸುವ ಮೊದಲೇ ತೀರ್ಮಾನಿಸಿ. ಮದುವೆ ಮನೆಯ ಗದ್ದಲದಲ್ಲಿ ಕಷ್ಟವಾಗುವುದು ಆಮೇಲೂ ಇದ್ದೇ ಇರುತ್ತದೆ, ಅದಕ್ಕೆ ಹೆಚ್ಚು ಚಾನೆಲಿನ ಮಷಿನ್ ಕೊಂಡರೂ ಪೂರ್ತಿ ಪರಿಹಾರವಿಲ್ಲ.

ಹೀಗೆ ಮತ್ತೆ ಮತ್ತೆ ಹೊಂದಿಸಬೇಕಾಗುವ ಕಾರಣಕ್ಕೇ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಕೊಂಡು ಊರಿಗೆ ಕಳಿಸುವ ಮುನ್ನ ಯೋಚಿಸಿ ಎನ್ನುತ್ತೇನೆ. ಕೆಲವು ಮಾರಾಟ ಜಾಲಗಳ ಮಷಿನ್‌ಗಳನ್ನು ಅವರದೇ ಅಂಗಡಿಯ ಸಾಫ್ಟ್‌ವೇರ್ ಮಾತ್ರ ತೆರೆಯಬಲ್ಲದು. ಹತ್ತಿರದಲ್ಲಿ ಆ ಅಂಗಡಿ ಇಲ್ಲದಿದ್ದರೆ ನಾನು ಅದನ್ನು ಒರೆಸಿಕೊಡಬಹುದೇ ಹೊರತು ಒಂದು ಡೆಸಿಬಲ್ ಕೂಡ ಬದಲಿಸಲಾರೆ. ಆದ್ದರಿಂದ ಮಾರುವವರನ್ನು ಕೇಳಿ: ಬೇರೆಯವರು ಇದನ್ನು ಹೊಂದಿಸಬಹುದೇ? ವಾರಂಟಿ ಎಷ್ಟು ವರ್ಷ, ಅದರಲ್ಲಿ ಸ್ಪೀಕರ್ ಸೇರಿದೆಯೇ, ತೇವದಿಂದ ಕೆಟ್ಟರೆ ಏನು, ಕಳೆದುಹೋದರೆ ಏನು? ದುರಸ್ತಿಗೆ ಕಳಿಸಿದರೆ ಎಷ್ಟು ದಿನ, ಅಲ್ಲಿಯವರೆಗೆ ಬದಲಿ ಮಷಿನ್ ಕೊಡುತ್ತೀರಾ? ಹೊಂದಿಸುವ ಭೇಟಿಗಳಿಗೆ ಬೇರೆ ಶುಲ್ಕವಿದೆಯೇ? ಕೊಳ್ಳುವ ಮೊದಲು ಕೆಲವು ದಿನ ಹಾಕಿ ನೋಡಲು ಕೊಡುತ್ತೀರಾ? ಪರೀಕ್ಷೆ ಮಾಡುವವರ ಆರ್‌ಸಿಐ ನೋಂದಣಿ ಸಂಖ್ಯೆಯನ್ನೂ ಕೇಳಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಅದನ್ನು ಮುಚ್ಚಿಡುವುದಿಲ್ಲ. ಬಿಲ್ಲಿನಲ್ಲಿ ಎರಡೂ ಮಷಿನಿನ ಸೀರಿಯಲ್ ನಂಬರು ಇರಲಿ.

ಮಲೆನಾಡು, ಕರಾವಳಿಯವರು ತೇವದ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ಸ್ನಾನಕ್ಕೆ, ತಲೆಗೆ ಎಣ್ಣೆ ಹಚ್ಚುವಾಗ, ಮಲಗುವಾಗ ತೆಗೆಯಬೇಕು. ರಾತ್ರಿ ಬ್ಯಾಟರಿ ಬಾಗಿಲು ತೆರೆದು, ಬ್ಯಾಟರಿ ಹೊರಗಿಟ್ಟು, ತೇವ ಹೀರುವ ಸಿಲಿಕಾ ಹರಳಿನ ಡಬ್ಬಿಯಲ್ಲಿ ಮುಚ್ಚಿಡಿ. ಹರಳಿನ ಬಣ್ಣ ಬದಲಾದರೆ ಅದು ನೀರು ಕುಡಿದು ತುಂಬಿದೆ ಎಂದರ್ಥ. ಒದ್ದೆಯಾದ ಮಷಿನನ್ನು ಒಲೆಯ ಮೇಲೆ, ಹೇರ್ ಡ್ರೈಯರ್ ಮುಂದೆ ಹಿಡಿಯಬೇಡಿ. ಅಚ್ಚಿನ ಕೊಳವೆ ಕೆಲವು ತಿಂಗಳಿಗೆ ಹಳದಿಯಾಗಿ ಗಟ್ಟಿಯಾಗುತ್ತದೆ, ಬದಲಿಸಲು ಹೆಚ್ಚು ಖರ್ಚಿಲ್ಲ. ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸಿ, ಕಿವಿ ಬದಲಾದರೆ ಮಷಿನಿನ ಲೆಕ್ಕವೂ ಬದಲಾಗಬೇಕು. ಹೀಗೆ ನೋಡಿಕೊಂಡರೆ ಒಂದು ಮಷಿನ್ ಸುಮಾರು ಐದು ವರ್ಷ ಬರುತ್ತದೆ.

ದುಡ್ಡಿನ ತೊಂದರೆ ಇರುವವರು ಖಾಸಗಿ ಅಂಗಡಿಯೊಂದೇ ದಾರಿ ಎಂದುಕೊಳ್ಳಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸಕ್ಕೆಂದು ಇದೆ. 60 ದಾಟಿದ ಬಡ ಕುಟುಂಬದ ಹಿರಿಯರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಶ್ರವಣ ಸಾಧನವನ್ನು ಉಚಿತವಾಗಿ ಕೊಡುತ್ತದೆ. ಜಿಲ್ಲೆಯ ಅಂಗವಿಕಲರ ಮತ್ತು ಹಿರಿಯ ನಾಗರಿಕರ ಕಲ್ಯಾಣ ಕಚೇರಿಯಲ್ಲಿ ಶಿಬಿರ ಯಾವಾಗ ಎಂದು ವಿಚಾರಿಸಿ. ಶಿಬಿರದಲ್ಲಿ ಸಿಕ್ಕ ಮಷಿನನ್ನೂ ಆಮೇಲೆ ಒಬ್ಬ ಶ್ರವಣತಜ್ಞರಿಗೆ ತೋರಿಸಿ ಅಚ್ಚು, ಸದ್ದು ಸರಿಯಾಗಿದೆಯೇ ನೋಡಿಸಿ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಈ ಸಲ ರಜೆಗೆ ಬಂದಾಗ ಮಷಿನ್ ತರಬೇಡಿ. ಪರೀಕ್ಷೆ ಮಾಡಿಸಿ, ಊರಿಗೆ ಹತ್ತಿರದಲ್ಲಿ ಹೊಂದಿಸುವವರನ್ನು ಹುಡುಕಿ, ಎರಡು ಮೂರು ಮಾದರಿಯನ್ನು ಹಿರಿಯರ ಕೈಗೇ ಕೊಟ್ಟು ‘ನೀವೇ ಹಾಕಿಕೊಳ್ಳಿ, ತೆಗೆಯಿರಿ, ಬ್ಯಾಟರಿ ಬದಲಿಸಿ’ ಎನ್ನಿ. ನೀವು ಸಹಾಯ ಮಾಡದೆ ಸುಮ್ಮನೆ ನೋಡಿ. ಅವರ ಕೈಗೆ ಒಗ್ಗಿದ್ದನ್ನು ಕೊಳ್ಳಿ. ಮಿಕ್ಕ ದುಡ್ಡನ್ನು ಬ್ಯಾಟರಿಗೆ, ಹೊಂದಿಸಲು ಬರುವ ಬಸ್ ಚಾರ್ಜಿಗೆ, ಕರೆದುಕೊಂಡು ಬರುವವರ ದಿನದ ಸಂಬಳಕ್ಕೆ ಎತ್ತಿಡಿ.

ಇಂತಿ,
ಶಿವಮೊಗ್ಗದ ಒಬ್ಬ ಶ್ರವಣತಜ್ಞೆ